ಸರಾಸರಿ ನೋಡಬೇಕೋ, ಇಳಿತ ನೋಡಬೇಕೋ?

ಶಿರಸಿಯಲ್ಲಿ ಅಡಿಕೆ ಮಾರಿ ಬಂದ ಹತ್ತು ಲಕ್ಷವನ್ನು ಫಂಡಿಗೆ ಹಾಕಲು ಹೊರಟ ಭಾವ ಎರಡು ಹಾಳೆ ತೋರಿಸಿದ. ಒಂದರ ಸರಾಸರಿ ಗಳಿಕೆ ಶೇ 12, ಇನ್ನೊಂದರದ್ದು 9. "ಮೊದಲಿನದ್ದೇ ಅಲ್ದಾ?" ಅಂದ.

ನಾನು ಮ್ಯಾಕ್ಸಿಮಮ್ ಡ್ರಾಡೌನ್ ಹುಡುಕಿಸಿದೆ: ಶಿಖರದಿಂದ ಮುಂದಿನ ತಳಕ್ಕೆ ಆದ ಅತಿ ದೊಡ್ಡ ಇಳಿತ. ಮೊದಲನೆಯದರಲ್ಲಿ ಶೇ 55, ಎರಡನೆಯದರಲ್ಲಿ 20. ಅಂದರೆ ಶಿಖರದಲ್ಲಿ ಹಾಕಿದ ಹತ್ತು ಲಕ್ಷ ಒಂದು ಕಡೆ ನಾಲ್ಕೂವರೆಗೆ ಇಳಿಯುತ್ತಿತ್ತು, ಇನ್ನೊಂದು ಕಡೆ ಎಂಟಕ್ಕೆ. ನಾಲ್ಕೂವರೆ ಮತ್ತೆ ಹತ್ತಾಗಲು ಶೇ 122 ಏರಬೇಕು. ಎಂಟಕ್ಕೆ 25 ಸಾಕು. ಸರಾಸರಿ ಇದನ್ನು ಹೇಳುವುದೇ ಇಲ್ಲ.

ಫಂಡಿನ ವಯಸ್ಸನ್ನೂ ನೋಡಿ. 2008ರ ಜನವರಿಯಿಂದ 2009ರ ಮಾರ್ಚ್‌ವರೆಗೆ ಸೆನ್ಸೆಕ್ಸ್ ಸುಮಾರು ಶೇ 60 ಬಿದ್ದಿತ್ತು. ಆಮೇಲೆ ಹುಟ್ಟಿದ ಫಂಡು ಆ ಮಳೆಗಾಲ ಕಂಡಿಲ್ಲ.

ಅಡಿಕೆ ಧಾರಣೆ ಇಳಿದರೇ ನಿದ್ದೆಗೆಡುವ ಭಾವ ತಳದಲ್ಲೇ ಮಾರಿಬಿಡುತ್ತಾನೆ. ಅವನಿಗೆ ಎರಡನೆಯದೇ ಸರಿ.