ಮಂಚದ ಕಿರಕಿರಕ್ಕೆ ನಾಲ್ಕು ಮದ್ದು, ನನ್ನ ಓಟು ಸೈಕಲ್ ಟ್ಯೂಬಿಗೆ

ಗೆದ್ದದ್ದು ಯಾವುದು ಅಂತ ಮೊದಲೇ ಹೇಳಿಬಿಡುತ್ತೇನೆ. ಪಂಕ್ಚರ್ ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಹಳೇ ಸೈಕಲ್ ಟ್ಯೂಬು. ಬೆಲೆ 10 ರೂಪಾಯಿ. ಸೋತದ್ದು 250 ರೂಪಾಯಿ ಕೊಟ್ಟು ತಂದ ಸ್ಪ್ರೇ ಎಣ್ಣೆ. ಮೇಣದ ಬತ್ತಿಗೆ ಎರಡನೇ ಸ್ಥಾನ. ಬೋಲ್ಟ್ ಬಿಗಿ ಮಾಡುವುದು ಬೇಕೇ ಬೇಕು, ಆದರೆ ಅದೊಂದರಿಂದಲೇ ಕೆಲಸ ಮುಗಿಯಲಿಲ್ಲ.

ಪುಣೆಯ ಕೋಥರೂಡಿನಲ್ಲಿ ನಮ್ಮದು ಬಾಡಿಗೆ ಮನೆ. ಅದೇ ಬಿಲ್ಡಿಂಗಿನಲ್ಲಿ ಮನೆ ಖಾಲಿ ಮಾಡುತ್ತಿದ್ದವರಿಂದ 6,500 ರೂಪಾಯಿಗೆ ಒಂದು ಮರದ ಡಬಲ್ ಮಂಚ ಕೊಂಡೆ. ಕೆಳಗೆ ಪೆಟ್ಟಿಗೆ ಇಲ್ಲದ, ಅಡ್ಡಪಟ್ಟಿಗಳ ಮೇಲೆ ಗಾದಿ ಹಾಕುವ ಸಾದಾ ಮಂಚ. ಬಿಚ್ಚಿ ನಮ್ಮ ಮನೆಗೆ ತಂದು ಜೋಡಿಸಿದ್ದು ನಾನೇ. ಒಂದು ತಿಂಗಳು ಸುಮ್ಮನಿತ್ತು. ಆಮೇಲೆ ಶುರುವಾಯಿತು. ಗದಗಿನಿಂದ ಬಂದಿದ್ದ ಅವ್ವ ಎರಡನೇ ದಿನವೇ ಹೇಳಿದಳು, "ಏನೋ ಇದು, ಮಗ್ಗಲಾದ್ರ ಸಾಕು, ಕಿರ್ರ್ ಅಂತೈತಿ. ನಾ ನೆಲದ ಮ್ಯಾಲೆ ಮಲಗತೇನಿ ಬಿಡು."

ಅವ್ವ ನೆಲಕ್ಕೆ ಇಳಿದ ಮೇಲೆ ಸುಮ್ನೆ ಕೂರುವ ಹಾಗಿರಲಿಲ್ಲ.

ಮೊದಲು ಬೋಲ್ಟ್ ತಿರುಗಿಸುವ ಅಲೆನ್ ಕೀ ಹಿಡಿದೆ. ಮಂಚಕ್ಕೆ ಇದ್ದದ್ದು 8 ಬೋಲ್ಟ್, ಒಂದೊಂದು ಮೂಲೆಗೆ ಎರಡು. ಮೂರು ಸಡಿಲವಾಗಿದ್ದವು. ನಾಲ್ಕು ಬಿಗಿಯಾಗೇ ಇದ್ದವು. ಉಳಿದ ಒಂದು, ಕಾಲಿನ ಕಡೆಯ ಎಡ ಮೂಲೆಯದು, ಎಷ್ಟು ತಿರುಗಿಸಿದರೂ ತಿರುಗುತ್ತಲೇ ಇತ್ತು. ಇದು ಹಲವರ ತಾಳ್ಮೆ ಕೆಡಿಸುವ ಜಾಗ. ಇಂಥ ಮಂಚದಲ್ಲಿ ಬೋಲ್ಟ್ ಹೋಗಿ ಕಚ್ಚುವುದು ಪಕ್ಕದ ಹಲಗೆಯೊಳಗೆ ಅಡ್ಡಕ್ಕೆ ಕೂತ ಒಂದು ದುಂಡನೆ ನಟ್ಟಿಗೆ. ನೋಡಲು ಸಣ್ಣ ಕಬ್ಬಿಣದ ಸಿಲಿಂಡರ್ ಇದ್ದ ಹಾಗೆ ಇರುತ್ತದೆ. ಅದು ತೂತಿನೊಳಗೆ ಸ್ವಲ್ಪ ತಿರುಗಿದರೂ ಸಾಕು, ಅದರೊಳಗಿನ ಸುತ್ತುಗೆರೆ, ಅಂದರೆ ಮರೆ, ಬೋಲ್ಟಿನ ದಾರಿಗೆ ಸಿಗುವುದಿಲ್ಲ. ಬೋಲ್ಟ್ ತುದಿ ನಟ್ಟಿನ ಮೈಗೆ ತಾಗಿ ಸುಮ್ನೆ ಸುತ್ತುತ್ತದೆ. ಆದರೆ ಆ ನಟ್ಟಿನ ತಲೆಯ ಮೇಲೆ ಒಂದು ಗೀರು ಇರುತ್ತದೆ. ಚಪ್ಪಟೆ ಸ್ಕ್ರೂಡ್ರೈವರ್ ಅಲ್ಲಿ ಇಟ್ಟು, ಗೀರು ಬೋಲ್ಟ್ ಬರುವ ದಿಕ್ಕಿಗೆ ನೇರವಾಗುವಂತೆ ಹಿಡಿದುಕೊಂಡು, ಇನ್ನೊಂದು ಕೈಯಿಂದ ಬೋಲ್ಟನ್ನು ಬರೀ ಬೆರಳಲ್ಲೇ ಮೂರು ನಾಲ್ಕು ಸುತ್ತು ಹಾಕಬೇಕು. ಬೆರಳಿಗೆ ಸಲೀಸಾಗಿ ಹೋದರೆ ಮರೆ ಕಚ್ಚಿದೆ ಅಂತ ಅರ್ಥ. ಆಮೇಲೆ ಕೀ. ಮೊದಲೇ ಕೀ ಹಾಕಿ ಒತ್ತಿದರೆ ಮರೆ ಹಾಳು.

ಇನ್ನೊಂದು ತಪ್ಪನ್ನೂ ಮಾಡಿದ್ದೆ. ಒಂದು ಮೂಲೆಯನ್ನು ಪೂರ್ತಿ ಬಿಗಿ ಮಾಡಿ ಆಮೇಲೆ ಮುಂದಿನದಕ್ಕೆ ಹೋಗಿದ್ದೆ. ಹಾಗೆ ಮಾಡಿದರೆ ಚೌಕಟ್ಟು ಸೊಟ್ಟಗಾಗಿಯೇ ಗಟ್ಟಿಯಾಗುತ್ತದೆ. ಎಂಟನ್ನೂ ಅರ್ಧ ಬಿಗಿ ಮಾಡಿ, ನಾಲ್ಕೂ ಕಾಲು ನೆಲಕ್ಕೆ ಕೂತಿವೆಯಾ ನೋಡಿ, ಆಮೇಲೆ ಒಂದೊಂದನ್ನೇ ಪೂರ್ತಿ ಮಾಡಬೇಕು. ಎಲ್ಲಿ ನಿಲ್ಲಿಸಬೇಕು? ವಾಷರ್ ಮರದೊಳಗೆ ಇಳಿಯಲು ಶುರುವಾಗುವ ಮುಂಚೆ. ಪುಡಿ ಒತ್ತಿ ಮಾಡಿದ ಹಲಗೆಯ ಮಂಚವಾದರೆ ಇನ್ನೂ ಹುಷಾರು. ಅಲ್ಲಿ ಒಮ್ಮೆ ತೂತು ಪುಡಿಯಾದರೆ ಬೋಲ್ಟಿಗೆ ಹಿಡಿತವೇ ಇರುವುದಿಲ್ಲ.

ಇಷ್ಟಾದ ಮೇಲೆ ಮಂಚ ಅಲುಗಾಡುವುದು ನಿಂತಿತು. ಶಬ್ದ ಅರ್ಧಕ್ಕೆ ಇಳಿಯಿತು. ಆದರೆ ಪೂರ್ತಿ ಹೋಗಲಿಲ್ಲ.

ಆಗ ಆಫೀಸಿನ ಗೆಳೆಯರೊಬ್ಬರ ಮಾತು ಕೇಳಿ ಸ್ಪ್ರೇ ಎಣ್ಣೆ ತಂದೆ. ಸಿಕ್ಕ ಸಿಕ್ಕ ಸಂದಿಗೆಲ್ಲ ಹೊಡೆದೆ. ಎರಡು ರಾತ್ರಿ ಸ್ವರ್ಗ. ಮೂರನೇ ರಾತ್ರಿ ಸಣ್ಣಗೆ ಕಿರ್ರ್. ಹತ್ತನೇ ದಿನಕ್ಕೆ ಮೊದಲಿನಷ್ಟೇ. ಕಾರಣ ಆಮೇಲೆ ಹೊಳೆಯಿತು. ಕಬ್ಬಿಣದ ಬಾಗಿಲ ತಿರುಗಣಿಯಲ್ಲಿ ಎಣ್ಣೆ ಮೇಲ್ಮೈ ಮೇಲೆ ನಿಲ್ಲುತ್ತದೆ. ಮರ ಅದನ್ನು ಕುಡಿದುಬಿಡುತ್ತದೆ. ಮೇಲೆ ಉಳಿಯುವುದು ಅಂಟು, ಅದಕ್ಕೆ ಮೆತ್ತುವ ಧೂಳು. ಗಾದಿಯ ತಳಕ್ಕೂ ಎರಡು ಕಂದು ಕಲೆ ಬಿದ್ದವು. ಮಲಗುವ ಕೋಣೆಯಲ್ಲಿ ಗ್ಯಾರೇಜಿನ ವಾಸನೆ ಬೇರೆ. ಎಣ್ಣೆ ವಿಷಯ ಇಲ್ಲಿಗೆ ಬಿಟ್ಟೆ.

ನಿಜವಾದ ತಪ್ಪು ಎಣ್ಣೆಯದ್ದೂ ಅಲ್ಲ. ಶಬ್ದ ಎಲ್ಲಿಂದ ಬರುತ್ತಿದೆ ಅಂತ ಹುಡುಕದೇ ಮದ್ದು ಹಚ್ಚಿದ್ದು ನನ್ನ ತಪ್ಪು. ಉದ್ದನೆ ಮರದಲ್ಲಿ ಶಬ್ದ ಓಡಾಡುತ್ತದೆ. ಮಲಗಿದವರಿಗೆ ತಲೆಯ ಹತ್ತಿರ ಕೇಳಿಸುತ್ತದೆ, ಹುಟ್ಟುವುದು ಕಾಲಿನ ಹತ್ತಿರ.

ಒಂದು ಭಾನುವಾರ ಗಾದಿ ಇಳಿಸಿ ನೆಲಕ್ಕೆ ಹಾಕಿದೆವು. ಮೊದಲು ಗಾದಿಯ ಮೇಲೇ ಹೊರಳಾಡಿ ನೋಡಿದೆ. ಶಬ್ದ ಇಲ್ಲ. ಸ್ಪ್ರಿಂಗ್ ಗಾದಿ ಇರುವವರು ಇದನ್ನು ಮರೆಯಬಾರದು, ಎಷ್ಟೋ ಸಲ ಕಳ್ಳ ಅದರೊಳಗೇ ಇರುತ್ತಾನೆ. ಆಮೇಲೆ ಒಂದೊಂದೇ ಅಡ್ಡಪಟ್ಟಿಯನ್ನು ಒತ್ತುತ್ತಾ ಹೋದೆ. ಹೆಂಡತಿ ಬಗ್ಗಿ ಕಿವಿ ಇಟ್ಟಳು. ಏನೂ ಇಲ್ಲ! ರಾತ್ರಿ ಅಷ್ಟು ಕೂಗುವ ಮಂಚ ಹಗಲಲ್ಲಿ ಮೂಕ.

ಅರ್ಧ ಗಂಟೆ ಹೀಗೇ ಹೋಯಿತು. ಕೊನೆಗೆ ಗೊತ್ತಾಯಿತು, ನಾನು ಒತ್ತುತ್ತಿದ್ದ ರೀತಿಯೇ ಸರಿ ಇಲ್ಲ. ಅಂಗೈಯಿಂದ ನೇರ ಕೆಳಕ್ಕೆ ಒಂದೇ ಸಲ ಒತ್ತಿದರೆ ಪಟ್ಟಿ ಬಗ್ಗಿ ಅಲ್ಲೇ ನಿಲ್ಲುತ್ತದೆ. ಮಲಗಿದವರು ಹಾಗೆ ಇರುವುದಿಲ್ಲ, ಮಗ್ಗಲು ಬದಲಿಸುತ್ತಾರೆ. ಅಂದರೆ ಭಾರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳುತ್ತದೆ. ಹಾಗಾಗಿ ಮೊಣಕಾಲೂರಿ ಮೈಭಾರ ಹಾಕಿ, ನಿಧಾನಕ್ಕೆ ಆ ಕಡೆ ಈ ಕಡೆ ತೂಗಿದೆ. ತಕ್ಷಣ ಕಿರ್ರ್. "ಇಲ್ಲಿ ಅಲ್ರೀ, ಆ ಕಡೆ ತುದ್ಯಾಗ" ಅಂದಳು ಹೆಂಡತಿ.

ಪಟ್ಟಿಯ ನಡುವೆ ಭಾರ ಬಿದ್ದಾಗ ಅದು ಬಿಲ್ಲಿನ ಹಾಗೆ ಬಗ್ಗುತ್ತದೆ. ಆಗ ಅದರ ತುದಿ ಕೆಳಗಿನ ಆಧಾರದ ರೀಪರ್ ಮೇಲೆ ಕೂದಲೆಳೆಯಷ್ಟು ಜಾರುತ್ತದೆ. ಮರದ ಮೇಲೆ ಮರ ನುಣ್ಣಗೆ ಜಾರುವುದಿಲ್ಲ. ಹಿಡಿದು ನಿಲ್ಲುತ್ತದೆ, ಒತ್ತಡ ಹೆಚ್ಚಾದಾಗ ಸರಕ್ಕನೆ ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಈ ಹಿಡಿ, ಬಿಡು ವೇಗವಾಗಿ ನಡೆದಾಗ ಕೇಳುವುದೇ ಕಿರಕಿರ. ಇದನ್ನು ನಿಲ್ಲಿಸಲು ಎರಡೇ ದಾರಿ. ಜಾರದ ಹಾಗೆ ಮಾಡಬೇಕು, ಇಲ್ಲವೇ ಶಬ್ದ ಇಲ್ಲದೆ ಜಾರುವ ಹಾಗೆ ಮಾಡಬೇಕು. ಟ್ಯೂಬಿಗೂ ಮೇಣಕ್ಕೂ ಇರುವ ವ್ಯತ್ಯಾಸ ಇಷ್ಟೇ.

ಅನುಮಾನ ಬಂದ ತುದಿಗೆಲ್ಲ ಸೀಮೆಸುಣ್ಣದ ಗುರುತು ಹಾಕಿದೆ. ಖಾತ್ರಿ ಮಾಡಿಕೊಳ್ಳಲು ಹಳೇ ಲಗ್ನಪತ್ರಿಕೆ ಹರಿದು, ಎರಡು ಮಡಿಕೆ ಮಾಡಿ ಒಂದೊಂದೇ ತುದಿಯ ಕೆಳಗೆ ತೂರಿಸಿ ಮತ್ತೆ ತೂಗಿದೆ. ಕಾಗದ ಇಟ್ಟಾಗ ಶಬ್ದ ನಿಂತು, ತೆಗೆದಾಗ ಬಂದರೆ ಅದೇ ಕಳ್ಳ. 12 ಪಟ್ಟಿಗಳ 24 ತುದಿಗಳಲ್ಲಿ ಸಿಕ್ಕಿದ್ದು ಬರೀ ಮೂರು, ಮೂರೂ ಬಲಗಡೆ, ಸೊಂಟದ ಭಾರ ಬೀಳುವ ಜಾಗದಲ್ಲಿ. ಸ್ಕ್ರೂ ತೆಗೆದು ಪಟ್ಟಿ ಎತ್ತಿ ನೋಡಿದರೆ ರೀಪರ್ ಮೇಲೆ ಹೆಬ್ಬೆರಳ ಉಗುರಿನಷ್ಟು ಜಾಗ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅಂಚಿನಲ್ಲಿ ಕಾಫಿಪುಡಿಯಂಥ ನುಣುಪು ಪುಡಿ. ಉಜ್ಜಿದ ಗುರುತು ಅದೇ.

ನಾಲ್ಕನೆಯದು ಪಟ್ಟಿಯದ್ದಲ್ಲ, ಕೀಲಿನದು. ಅದೇ ಎಡ ಮೂಲೆ. ಹೆಂಡತಿ ತಲೆಯ ಕಡೆಯ ಹಲಗೆ ಹಿಡಿದು ಅಡ್ಡಕ್ಕೆ ತಳ್ಳಿದಳು. ನಾನು ಪಕ್ಕದ ಹಲಗೆ ಮತ್ತು ಕಾಲು ಸೇರುವ ಸಂದಿಯ ಮೇಲೆ ಬೆರಳಿಟ್ಟೆ, ಬೆರಳಿನ ಅರ್ಧ ಈ ಕಡೆ, ಅರ್ಧ ಆ ಕಡೆ. ಗಟ್ಟಿ ಇದ್ದ ಮೂಲೆಯಲ್ಲಿ ಎರಡೂ ಒಟ್ಟಿಗೆ ಅಲುಗುತ್ತವೆ. ಇಲ್ಲಿ ಬೆರಳಿನ ಕೆಳಗೆ ಎರಡು ಬೇರೆ ಬೇರೆಯಾಗಿ ಅಲುಗಿದವು. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಗೊತ್ತಾಗುತ್ತದೆ.

ಇನ್ನು ಟ್ಯೂಬು. ಸಂಜೆ ಪಂಕ್ಚರ್ ಅಂಗಡಿಗೆ ಹೋಗಿ "ಜುನಿ ಟ್ಯೂಬ್ ಆಹೇ ಕಾ?" ಅಂತ ಮರಾಠಿಯಲ್ಲಿ ಹಳೇ ಟ್ಯೂಬ್ ಕೇಳಿದೆ. ಯಾವ ಸೈಕಲ್‌ಗೆ ಅಂದ. ಮಂಚಕ್ಕೆ ಅಂದೆ. ಒಂದು ಕ್ಷಣ ನನ್ನ ಮುಖ ನೋಡಿ ತೆಗೆದುಕೊಟ್ಟ. ಉದ್ದಕ್ಕೆ ಸೀಳಿ, ಒಳಗಿನ ಬಿಳಿ ಪುಡಿ ತೊಳೆದು ಒಣಗಿಸಿ, ಪಟ್ಟಿಯ ಅಗಲಕ್ಕೆ ಕತ್ತರಿಸಿದೆ. ತುಂಡನ್ನು ತುದಿಯ ಕೆಳಗೆ ಇಟ್ಟು, ಪಕ್ಕದ ಹಲಗೆಗೆ ತಾಗುವ ಕಡೆ ಸ್ವಲ್ಪ ಮೇಲಕ್ಕೆ ಮಡಚಿದೆ. ಆ ಮಡಿಕೆ ಮುಖ್ಯ. ಪಟ್ಟಿಯ ತುದಿ ಕೆಳಗೆ ಮಾತ್ರ ಅಲ್ಲ, ಪಕ್ಕಕ್ಕೂ ಉಜ್ಜುತ್ತದೆ. ಮೇಲಿನಿಂದ ಅದೇ ಸ್ಕ್ರೂ ಹಾಕಿದೆ. ರಬ್ಬರ್ ಚಪ್ಪಟೆ ಆಗುವಷ್ಟು ಬಿಗಿ ಮಾಡಲಿಲ್ಲ. ಒಂದು ಸ್ಕ್ರೂ ತೂತು ದೊಡ್ಡದಾಗಿತ್ತು, ಅಂಟು ಹಚ್ಚಿದ ಎರಡು ಬೆಂಕಿಕಡ್ಡಿ ತುರುಕಿ, ಒಣಗಿದ ಮೇಲೆ ಸ್ಕ್ರೂ ಹಾಕಿದೆ. ಮೂರು ತುದಿಗಷ್ಟೇ ಹಾಕಿದರೆ ಆ ಮೂರು ಪಟ್ಟಿ ತುಸು ಎತ್ತರವಾಗುತ್ತವೆ. ಅದಕ್ಕೇ 24ಕ್ಕೂ ಹಾಕಿಬಿಟ್ಟೆ. ಒಂದು ಟ್ಯೂಬ್ ಸಾಕಾಯಿತು.

ಕುರ್ಚಿ ಕಾಲಿಗೆ ಅಂಟಿಸುವ ಫೆಲ್ಟನ್ನೂ ಪಕ್ಕದ ಕೋಣೆಯ ಸಣ್ಣ ಮಂಚಕ್ಕೆ ಹಾಕಿ ನೋಡಿದೆ. ಕೆಲಸ ಮಾಡುತ್ತದೆ. ಆದರೆ ಭಾರಕ್ಕೆ ಬೇಗ ಚಪ್ಪಟೆಯಾಗಿ, ಅಂಟು ಸರಿದು ಒಂದು ಕಡೆ ಬಂದಿತ್ತು.

ಮೇಣದ ಬತ್ತಿ ಎಲ್ಲಿ ಬೇಕು ಅಂದರೆ, ರಬ್ಬರ್ ಇಡಲು ಜಾಗವೇ ಇಲ್ಲದ ಕಡೆ. ನನ್ನ ಎಡ ಮೂಲೆಯ ಕೀಲು ಹಾಗಿತ್ತು. ಬೋಲ್ಟ್ ಬಿಚ್ಚಿ, ಮರಕ್ಕೆ ಮರ ತಾಗುವ ಎರಡೂ ಮುಖಕ್ಕೆ ಬಿಳಿ ಮೇಣದ ಬತ್ತಿ ತಿಕ್ಕಿ, ಮತ್ತೆ ಸೇರಿಸಿದೆ. ರವಿವಾರ ಪೇಟೆಯ ಹಾರ್ಡ್‌ವೇರ್ ಓಣಿ ಬೋಹ್ರಿ ಆಳಿಯಿಂದ ತಂದ ಸ್ಪ್ರಿಂಗ್ ವಾಷರ್ ಹಾಕಿದೆ. ಅದು ಮರವನ್ನು ಕೊರೆಯದಿರಲಿ ಅಂತ ಅದರ ಕೆಳಗೆ ಒಂದು ಚಪ್ಪಟೆ ವಾಷರ್. ಮೇಣ ಮರದೊಳಗೆ ಎಣ್ಣೆಯಷ್ಟು ಇಳಿಯುವುದಿಲ್ಲ, ಧೂಳನ್ನೂ ಎಳೆಯುವುದಿಲ್ಲ. ಕೊರತೆ ಒಂದೇ, ಉಜ್ಜಿ ಉಜ್ಜಿ ಸವೆಯುತ್ತದೆ, ಮತ್ತೆ ಬಿಚ್ಚಿ ತಿಕ್ಕಬೇಕು. ಟ್ಯೂಬಿಗೆ ಆ ಗೋಳಿಲ್ಲ. ಅದೂ ವರ್ಷಗಳಲ್ಲಿ ಗಟ್ಟಿಯಾಗಿ ಬಿರಿಯುತ್ತದೆ. ಆದರೆ ಇನ್ನೊಂದು ಟ್ಯೂಬಿಗೆ 10 ರೂಪಾಯಿ ತಾನೇ?

ಬಡಗಿ ಕೇಳಿದ್ದು 600 ರೂಪಾಯಿ, ಪಟ್ಟಿ ತೆಗೆದು ಪ್ಲೈವುಡ್ ಹಾಕಿದರೆ ಅದರ ದುಡ್ಡು ಬೇರೆ. ಭಾನುವಾರ ಕೈಯಲ್ಲಿ ಉಪಕರಣ ಹಿಡಿಯಲು ಬೇಜಾರಿಲ್ಲದ ನನ್ನಂಥವರಿಗೆ ಅದು ಬೇಕಿಲ್ಲ. ಪಟ್ಟಿಯೇ ಬಿರುಕು ಬಿಟ್ಟಿದ್ದರೆ ಮಾತ್ರ ಅವರನ್ನೇ ಕರೆಯಿರಿ, ಅಲ್ಲಿ ಟ್ಯೂಬೂ ಇಲ್ಲ, ಮೇಣವೂ ಇಲ್ಲ. ಕಬ್ಬಿಣದ ಮಂಚವಾದರೆ ಲೆಕ್ಕವೇ ಬೇರೆ, ಲೋಹಕ್ಕೆ ಲೋಹ ತಾಗುವ ಕಡೆ ನೈಲಾನ್ ವಾಷರ್ ಹಾಕಬೇಕು.

ಟ್ಯೂಬ್ ಹಾಕಿದ್ದು ಜೂನ್‌ನಲ್ಲಿ. ಮಳೆಗಾಲದಲ್ಲಿ ಪುಣೆಯ ಗಾಳಿಗೆ ಮರ ಉಬ್ಬಿ ಬೋಲ್ಟ್ ತಾನಾಗೇ ಬಿಗಿ ಅನಿಸುತ್ತದೆ. ಚಳಿ ಬಂದು ಒಣಗಿದಾಗ ಸಡಿಲ. ಡಿಸೆಂಬರಿನಲ್ಲಿ ಮತ್ತೆ ಕೀ ಹಿಡಿದಾಗ ಎರಡು ಬೋಲ್ಟ್ ಕಾಲು ಸುತ್ತು ತೆಗೆದುಕೊಂಡವು. ಪಟ್ಟಿಗಳು ಚಕಾರ ಎತ್ತಿಲ್ಲ. ಅವ್ವ ಸಂಕ್ರಾಂತಿಗೆ ಬಂದಾಗ ಮಂಚದ ಮೇಲೆಯೇ ಮಲಗಿದಳು, ಗೋಡೆ ಕಡೆ.