ಒಂದೇ ಸ್ಕ್ರಿಪ್ಟಿನಿಂದ ಐದು ವಿಡಿಯೊ: ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ

ಕಲಬುರಗಿಯ ನಮ್ಮ ಮನೆಯ ಹಿಂಭಾಗದಲ್ಲಿ ನಾನು, ನನ್ನ ವೈನಿ ಮತ್ತು ಆರು ಜನ ಹೆಂಗಸರು ಜೋಳದ ರೊಟ್ಟಿ ಬಡಿಯುತ್ತೇವೆ. ಹೊರ ಊರುಗಳಲ್ಲಿ ಇರುವ ನಮ್ಮ ಭಾಗದವರಿಗಾಗಿ ಕಳೆದ ಎಳ್ಳಮಾವಾಸ್ಯೆಯ ಹೊತ್ತಿಗೆ ಒಂದು ಡಬ್ಬಿ ಸಿದ್ಧಪಡಿಸಿದೆವು: 25 ಕಡಕ್ ರೊಟ್ಟಿ, ಜೊತೆಗೆ ಶೇಂಗಾ ಹಿಂಡಿ, ಬೆಲೆ ₹450. ಜಾಹೀರಾತಿನ ಕೆಲಸವನ್ನು ನಗರದ ಒಂದು ಸಂಸ್ಥೆಗೆ ಒಪ್ಪಿಸಿದೆವು. "ಮೇಡಂ, ಒಂದು ಸ್ಕ್ರಿಪ್ಟ್ ಸಾಕು. ಅದರಲ್ಲೇ ಟೀಸರ್, ಮುಖ್ಯ ಜಾಹೀರಾತು, ಆಮೇಲೆ ನೋಡಿದವರಿಗೆ ಮತ್ತೆ ತೋರಿಸಲು ಮೂರು ತುಂಡು, ಎಲ್ಲ ಮಾಡಿಕೊಡುತ್ತೇವೆ" ಎಂದರು. ಮಾತು ತಪ್ಪಾಗಿರಲಿಲ್ಲ, ಒಂದೇ ಸ್ಕ್ರಿಪ್ಟಿನಿಂದ ಐದೂ ಆಗುತ್ತವೆ. ಆದರೆ ಅವರು ಸ್ಕ್ರಿಪ್ಟನ್ನು ಕತ್ತರಿಸಿದ್ದು ಗಡಿಯಾರ ನೋಡಿ. ಚಿತ್ರೀಕರಣಕ್ಕೆ ₹42,000, ಪ್ರಚಾರಕ್ಕೆ ₹18,000 ಕೊಟ್ಟು ನಾನು ಕಲಿತದ್ದು ಇಷ್ಟು.

ಅರವತ್ತು ಸೆಕೆಂಡಿನ ಸ್ಕ್ರಿಪ್ಟಿನ ಮುಖ್ಯ ಸಾಲುಗಳು ಹೀಗಿದ್ದವು: "ಈ ಸಲದ ಎಳ್ಳಮಾವಾಸ್ಯೆಗೆ ಊರಿಗೆ ಬರಲು ಆಗುವುದಿಲ್ಲವೇ? ಹೊಲದಲ್ಲಿ ಕೂತು ಉಣ್ಣುವ ಭಜ್ಜಿ, ರೊಟ್ಟಿ ನೆನಪಾಗುತ್ತಿವೆಯೇ? ಅದಕ್ಕೆಂದೇ ಈ ಡಬ್ಬಿ. ಇಪ್ಪತ್ತೈದು ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಹೀಗೆ ಕಟ್ಟುವುದರಿಂದ ಅವು ಪುಣೆಗೆ ಹೋದರೂ ಮುರಿಯುವುದಿಲ್ಲ. ಮುರಿದರೆ ಬೇರೆ ಕಳಿಸುತ್ತೇವೆ." ಕೊನೆಗೆ ಎಷ್ಟು ದಿನ ಇಡಬಹುದು, ಬೆಲೆ ಎಷ್ಟು, ಆರ್ಡರ್ ಹೇಗೆ ಎಂಬ ಸಾಲುಗಳು.

ಟೀಸರ್ ಎಂದು ಅವರು ಕೊಟ್ಟದ್ದು ಇದರ ಮೊದಲ ಹತ್ತು ಸೆಕೆಂಡು. ಒಂಬತ್ತನೆಯ ಸೆಕೆಂಡಿಗೆ ಡಬ್ಬಿ ತೆರೆದುಕೊಂಡು ರೊಟ್ಟಿಯ ಥಪ್ಪಿ ಕಾಣಿಸುತ್ತಿತ್ತು. ಕೆಳಗೆ ವಾಟ್ಸ್ಆ್ಯಪ್ ಬಟನ್. ಮಾರಾಟ ಶುರುವಾಗುವ ದಿನಾಂಕ ಎಲ್ಲೂ ಇರಲಿಲ್ಲ. ನಾಲ್ಕು ದಿನಗಳಲ್ಲಿ 63 ಜನ ಸಂದೇಶ ಕಳಿಸಿದರು, ನಾನು ಒಬ್ಬೊಬ್ಬರಿಗೂ "ಶುಕ್ರವಾರದಿಂದ ಸಿಗುತ್ತದೆ" ಎಂದು ಬರೆದೆ. ಅವರಲ್ಲಿ ತಿರುಗಿ ಬಂದು ಕೊಂಡವರು ಒಂಬತ್ತು ಜನ. ಬಾಯಲ್ಲಿ ನೀರು ತರಿಸಿ ಅಂಗಡಿಯ ಬಾಗಿಲು ಹಾಕಿಟ್ಟ ಹಾಗಾಯಿತು. ಟೀಸರಿಗೆ ಬೇಕಾದದ್ದು ಆ ಎರಡು ಪ್ರಶ್ನೆಗಳು, ಮುಚ್ಚಿದ ಡಬ್ಬಿ ಮತ್ತು "ಶುಕ್ರವಾರ" ಎಂಬ ಒಂದು ಮಾತು. ಆ ಮಾತು ಸ್ಕ್ರಿಪ್ಟಿನಲ್ಲೇ ಇರಲಿಲ್ಲವಾದ್ದರಿಂದ ಕತ್ತರಿಸಿದರೆ ಸಿಗುವಂತೆಯೂ ಇರಲಿಲ್ಲ. ಟೀಸರಿಗೆಂದೇ ಒಂದೆರಡು ಸಾಲನ್ನು ಚಿತ್ರೀಕರಣದ ದಿನವೇ ಹೇಳಿಸಿಕೊಂಡು ಇಟ್ಟಿರಬೇಕಿತ್ತು.

ಮುಖ್ಯ ಜಾಹೀರಾತು ಚೆನ್ನಾಗಿತ್ತು. ಅದರ ಬಗ್ಗೆ ದೂರಿಲ್ಲ.

ನಿಜವಾದ ಪೆಟ್ಟು ಬಿದ್ದದ್ದು ಆಮೇಲಿನ ತುಂಡುಗಳಿಂದ. ಮುಖ್ಯ ಜಾಹೀರಾತನ್ನು ನೋಡಿಯೂ ಕೊಳ್ಳದವನ ಮನಸ್ಸಿನಲ್ಲಿ ಏನೋ ಒಂದು ಅನುಮಾನ ಉಳಿದಿರುತ್ತದೆ. ನಮ್ಮ ವಿಷಯದಲ್ಲಿ ಅದು ಏನೆಂದು ವೈನಿಗೆ ಮೊದಲೇ ಗೊತ್ತಿತ್ತು: ಕೊರಿಯರಿನಲ್ಲಿ ರೊಟ್ಟಿ ಪುಡಿಯಾಗಿ ಬರುತ್ತದೆಯೋ ಏನೋ. ಅದಕ್ಕೆ ಉತ್ತರ ಸ್ಕ್ರಿಪ್ಟಿನಲ್ಲಿತ್ತು, ಹದಿನೈದು ಸೆಕೆಂಡಿನ ಒಂದು ತುಂಡಿನಲ್ಲೂ ಬಂದಿತ್ತು. ಆದರೆ ಹೇಗೆ? "ಹೀಗೆ ಕಟ್ಟುವುದರಿಂದ ಅವು ಪುಣೆಗೆ ಹೋದರೂ" ಎಂದು ಶುರುವಾಗುತ್ತಿತ್ತು. ಹೀಗೆ ಎಂದರೆ ಹೇಗೆ, ಅವು ಎಂದರೆ ಯಾವುವು? ಕಟ್ಟುವ ದೃಶ್ಯ ಹಿಂದಿನ ಸಾಲಿನ ಜೊತೆ ಹೋಗಿಬಿಟ್ಟಿತ್ತು, ಪರದೆಯ ಮೇಲೆ ನಗುವ ಸಂಸಾರ ಮಾತ್ರ ಇತ್ತು. ನಾವು ಮಾತನಾಡುವಾಗ ಒಂದು ವಾಕ್ಯದ ಕೊಂಡಿಯನ್ನು ಹಿಂದಿನದಕ್ಕೆ ಸಿಕ್ಕಿಸುತ್ತಲೇ ಹೋಗುತ್ತೇವೆ: ಅದಕ್ಕೇ, ಹಾಗಾಗಿ, ಇಂಥ, ಅವು. ಪೂರ್ತಿ ಕೇಳುವವನಿಗೆ ಅದು ಸೊಗಸು, ಕತ್ತರಿಸಿದ ತುಂಡಿಗೆ ಅದೇ ಕುತ್ತು. ಆರು ಸೆಕೆಂಡಿನ ತುಂಡಂತೂ ಎಳ್ಳಮಾವಾಸ್ಯೆಯ ಪ್ರಶ್ನೆಯೊಂದೇ, ಅದು ಓಡಿದ್ದು ಹಬ್ಬ ಮುಗಿದು ನಾಲ್ಕನೆಯ ದಿನದವರೆಗೆ.

ಇದರ ಮೇಲೆ ಯಾರಿಗೆ ತೋರಿಸಬೇಕು ಎಂಬಲ್ಲೂ ಎಡವಟ್ಟು. ಫೇಸ್‌ಬುಕ್ಕಿನಲ್ಲಿ ವಿಡಿಯೊ ನೋಡಿದವರ ಪಟ್ಟಿಯನ್ನು 3 ಸೆಕೆಂಡು ನೋಡಿದವರಿಂದ ಹಿಡಿದು ಕಾಲು, ಅರ್ಧ, ಮುಕ್ಕಾಲು ಮತ್ತು 95% ನೋಡಿದವರವರೆಗೆ ಬೇರೆ ಬೇರೆಯಾಗಿ ಮಾಡಿಕೊಳ್ಳಬಹುದು. ಸಂಸ್ಥೆಯವರು ಆರಿಸಿದ್ದು 3 ಸೆಕೆಂಡು, ಅಂದರೆ ಬೆರಳು ಜಾರಿಸುವ ಮೊದಲು ಕಣ್ಣು ಹಾಯಿಸಿದವರೆಲ್ಲ. ಬೆಲೆ ಕೇಳಿಯೇ ಇಲ್ಲದವರಿಗೆ "ಇನ್ನೂ ಯೋಚಿಸುತ್ತಿದ್ದೀರಾ? ₹50 ಕಡಿಮೆ" ಎಂದು ತೋರಿಸಿದರು. ಆ ವಿಡಿಯೊದ ಕೆಳಗೆ "ಇದು ಏನು?", "ಬೆಲೆ ಎಷ್ಟು?" ಎಂಬ ಪ್ರಶ್ನೆಗಳೇ ತುಂಬಿದವು. ಮತ್ತೆ ತೋರಿಸುವ ಜಾಹೀರಾತಿನ ಕೆಳಗೆ ಇಂಥ ಪ್ರಶ್ನೆ ಬಂದರೆ ಪಟ್ಟಿ ತಪ್ಪಿದೆ ಎಂದೇ ತಿಳಿಯಿರಿ.

ಕೊಂಡವರನ್ನೂ ಪಟ್ಟಿಯಿಂದ ತೆಗೆದಿರಲಿಲ್ಲ. ನಮ್ಮ ಆರ್ಡರುಗಳು ವಾಟ್ಸ್ಆ್ಯಪಿನಲ್ಲಿ ಬಂದು ಹಣ ಯುಪಿಐಯಲ್ಲಿ ಬೀಳುವುದರಿಂದ ಯಾರು ಕೊಂಡರು ಎಂಬುದು ಫೇಸ್‌ಬುಕ್ಕಿಗೆ ತಾನಾಗಿ ತಿಳಿಯುವುದಿಲ್ಲ. ಗ್ರಾಹಕರ ಒಪ್ಪಿಗೆ ಪಡೆದು ಅವರ ಮೊಬೈಲ್ ಸಂಖ್ಯೆಗಳ ಪಟ್ಟಿಯನ್ನು, ಮುಂದೆ 91 ಸೇರಿಸಿ, ನಾವೇ ಏರಿಸಿ "ಇವರಿಗೆ ಬೇಡ" ಎಂದು ಗುರುತಿಸಬೇಕು. ಹಾಗೆ ಮಾಡದ್ದರಿಂದ ₹450 ಕೊಟ್ಟು ಕೊಂಡ ಪುಣೆಯ ನಮ್ಮ ಸೋದರತ್ತೆಗೆ ₹400ರ ಜಾಹೀರಾತು ದಿನಕ್ಕೆರಡು ಸಲ ಕಂಡಿತು. "ಮನೆಯವರಿಗೇ ಹೆಚ್ಚು ಬೆಲೆ ಹಾಕಿದೆಯಾ?" ಎಂದು ಫೋನ್ ಮಾಡಿದರು. ಬೇರೆ ಹನ್ನೊಂದು ಜನರೂ ಕೇಳಿದ್ದರಿಂದ ಎಲ್ಲರಿಗೂ ₹50 ಮರಳಿಸಿದೆ. ಪಟ್ಟಿ ಚಿಕ್ಕದಾಗಿದ್ದು ದಿನದ ಖರ್ಚು ಮೊದಲಿನಷ್ಟೇ ಇದ್ದುದರಿಂದ ಫ್ರೀಕ್ವೆನ್ಸಿ, ಅಂದರೆ ಒಬ್ಬನಿಗೆ ಸರಾಸರಿ ಎಷ್ಟು ಸಲ ಕಂಡಿದೆ ಎಂಬ ಅಂಕಿ, ವಾರದಲ್ಲಿ 9 ದಾಟಿತ್ತು. ನಾನು ಅದನ್ನು ನೋಡಿದ್ದು ಹಣ ಮುಗಿದ ಮೇಲೆ.

ಸಂಕ್ರಾಂತಿಯ ನಂತರ ಅದೇ ಸ್ಕ್ರಿಪ್ಟನ್ನು ಹಿಡಿದು ಕೂತೆ. ಪ್ರತಿ ಸಾಲನ್ನೂ ಬೇರೆ ಚೀಟಿಯಲ್ಲಿ ಬರೆದು, ಸ್ಕ್ರಿಪ್ಟ್ ಕೇಳಿಯೇ ಇರದ ಪಕ್ಕದ ಮನೆಯ ಹುಡುಗಿಗೆ ಒಂದೊಂದಾಗಿ ಓದಿ ಹೇಳಿದೆ. ಯಾವ ಚೀಟಿಗೆ ಅವಳು "ಏನದು?" ಎಂದಳೋ ಆ ಸಾಲಿಗೆ ಹೆಸರು ಹಾಕಿ ತಿದ್ದಿದೆ. "ಅವು" ಹೋಗಿ "ಕಡಕ್ ರೊಟ್ಟಿ" ಬಂತು, "ಹೀಗೆ ಕಟ್ಟುವುದರಿಂದ" ಎಂಬುದು "ರಟ್ಟಿನ ನಡುವೆ ಇಟ್ಟು ಕಟ್ಟುತ್ತೇವೆ" ಎಂದಾಯಿತು. ಆರು ಸೆಕೆಂಡಿಗೆ ಹಿಡಿಸಿದ್ದು ಇಷ್ಟೇ ಮಾತು: "ಕಲಬುರಗಿಯ ಕಡಕ್ ರೊಟ್ಟಿ. ಮುರಿದು ಬಂದರೆ ಬೇರೆ ಡಬ್ಬಿ ಕಳಿಸುತ್ತೇವೆ." ಇದಕ್ಕಿಂತ ಎರಡು ಪದ ಹೆಚ್ಚಾದರೂ ಓಡೋಡಿ ಹೇಳಬೇಕಾಗುತ್ತದೆ.

ಜೋಡಿಸಲು ಹೋದಾಗ ಇನ್ನೊಂದು ಗೋಡೆ. ನಮಗೆ ಕೊಟ್ಟಿದ್ದು ಮಾತು ಮತ್ತು ಸಂಗೀತ ಬೆರೆತ ಒಂದೇ ಕಡತ. ಮಾತಿನ ನಡುವೆ ಕತ್ತರಿಸಿದರೆ ಸಂಗೀತ ಜಿಗಿಯುತ್ತಿತ್ತು. ದನಿಯನ್ನೂ ಸಂಗೀತವನ್ನೂ ಬೇರೆ ಬೇರೆಯಾಗಿ ಕೊಡಿ ಎಂದು ಕೇಳಿದರೆ "ಅದು ಒಪ್ಪಂದದಲ್ಲಿ ಇಲ್ಲ" ಎಂದರು. ನಿಜ, ಇರಲಿಲ್ಲ. ನಾನೇ ಮೊಬೈಲಿನಲ್ಲಿ ವೈನಿಯ ದನಿಯನ್ನು ಮತ್ತೆ ಧ್ವನಿಮುದ್ರಿಸಿದೆ. ಹಿಂದೆ ಸಂಗೀತವಿಲ್ಲ, ರೊಟ್ಟಿ ಬಡಿಯುವ ಸದ್ದು ಇದೆ.

ಈಗ ಅರ್ಧಕ್ಕಿಂತ ಹೆಚ್ಚು ನೋಡಿದವರಿಗೆ ಮಾತ್ರ ಆ ಆರು ಸೆಕೆಂಡು ಓಡುತ್ತದೆ. ಕೊಂಡವರ ಪಟ್ಟಿಯನ್ನು ಪ್ರತಿ ಸೋಮವಾರ ಏರಿಸುತ್ತೇನೆ. ಸೋದರತ್ತೆಯ ಸಂಖ್ಯೆ ಅದರಲ್ಲಿ ಮೊದಲನೆಯದು.