ಇಳಕಲ್ ಮಗ್ಗದ ಪತ್ರಕ್ಕ ಜನರನ್ನ ಕರಿಯೋ ಮೂರು ಒಕ್ಕಣಿ: ಹಾಕಿ ನೋಡಿದ ಮ್ಯಾಲಿನ ಹೋಲಿಕೆ

ಇಳಕಲ್‌ನ್ಯಾಗ ನಮ್ಮ ಕಾಕಾರದು ಸೀರಿ ಅಂಗಡಿ ಐತ್ರಿ. ಅಲ್ಲಿಂದ 1ನೇ ತಾರೀಖಿಗೊಂದು 15ನೇ ತಾರೀಖಿಗೊಂದು ಇಮೇಲ್ ಪತ್ರ ಕಳಸ್ತೀವಿ, ಬರಿಯೋದು ನಾನು. ರೇಟು ಆಫರ್ ಕಡಿಮಿ, ನೇಕಾರಿಕಿ ಸುದ್ದಿ ಜಾಸ್ತಿ, ಅಂದ್ರ ಹತ್ತಿ ಒಡಲಿಗೆ ರೇಶ್ಮಿ ಸೆರಗು ಕೊಂಡಿ ಹಾಕಿ ಹೆಂಗ ಕೂಡಸ್ತಾರ, ಸೆರಗಿನ ಬಣ್ಣ ಬಿಡಲಾರ್ದಂಗ ಹೆಂಗ ತೊಳಿಬೇಕು, ಇಂಥಾವು. ವೆಬ್‌ಸೈಟ್ ಕೆಳಗ "ಪತ್ರಕ್ಕ ಸೇರ್ರಿ" ಅನ್ನೋ ಡಬ್ಬಿಯಾಗ ಮೂರು ಥರ ಒಕ್ಕಣಿ ಒಂದರ ನಂತರ ಒಂದು ಇದ್ದು, ಮೂರನ್ನೂ ಪಕ್ಕಪಕ್ಕ ಇಟ್ಟು ಹೇಳ್ತೀನಿ.

ಮೊದಲನೇದು ಸೈಟ್ ಮಾಡಿಕೊಟ್ಟವರ ಟೆಂಪ್ಲೇಟ್ ಜೋಡಿ ಬಂದದ್ದು: "ಬೇಗ ಸೇರಿ! ಕೆಲವೇ ಸ್ಥಾನಗಳು ಉಳಿದಿವೆ!" ಅದರ ಕೆಳಗ ಸಣ್ಣ ಅಕ್ಷರದಾಗ "ಬೇಡ, ನನಗೆ ನೇಕಾರರ ಬಗ್ಗೆ ಕಾಳಜಿಯಿಲ್ಲ." ಇಮೇಲ್‌ಗೆ ಎಲ್ಲಿ ಸ್ಥಾನ ಮುಗಿತಾವ್ರಿ? ಮತ್ತ ಬ್ಯಾಡ ಅನ್ನೋ ಮನಶಾಗ ಕಾಳಜಿ ಇಲ್ಲ ಅಂತ ಅವ್ರ ಬಾಯಿಂದನ ಹೇಳಸೂದು ನನಗ ಭಾಳ ಕೆಟ್ಟ ಅನ್ನಿಸ್ತು. ಹೆಸರು ಕೊಟ್ಟವರು ಇದ್ರಾಗನ ಜಾಸ್ತಿ, ಅದು ಖರೆ. ಆದ್ರ ಖಾತ್ರಿ ಮಾಡ್ಕೊಳ್ಳಾಕ ಒಂದು ಲಿಂಕ್ ಕಳಸ್ತೀವಲ್ಲ, ಅದನ್ನ ಭಾಳ ಮಂದಿ ಒತ್ತಲೇ ಇಲ್ಲ, ಒತ್ತಿದವರಾಗ ಕೆಲವರು ಮೊದಲನೇ ಪತ್ರಕ್ಕ ಸ್ಪ್ಯಾಮ್ ಅಂತ ಗುರುತು ಹಾಕಿದ್ರು. ತ್ರಾಸ ಇರೋದು ಇಲ್ಲೇ ನೋಡ್ರಿ. ಸ್ಪ್ಯಾಮ್ ದೂರು 0.3% ಒಳಗ ಇರಬೇಕು ಅಂತ ಜಿಮೇಲ್ ಹೇಳತೈತಿ, ಅಂದ್ರ ಸಾವಿರ ಪತ್ರಕ್ಕ ಮೂರು ಮಂದಿ ಒತ್ತಿದ್ರ ಸಾಕು ಅಷ್ಟು ಆತು, ಆಮ್ಯಾಲೆ ಖುಷಿಯಿಂದ ಓದೋರಿಗೆ ಹೋಗೋ ಪತ್ರಾನೂ ಸ್ಪ್ಯಾಮ್ ಫೋಲ್ಡರ್‌ಗೆ ಬೀಳಬಹುದು. ಸುಳ್ಳು ಅವಸರ, ಬ್ಯಾಡ ಅಂದವರಿಗೆ ನಾಚಿಕಿ ಹುಟ್ಟಿಸೋದು, ಇವೆರಡೂ 2023ರಾಗ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಡಾರ್ಕ್ ಪ್ಯಾಟರ್ನ್, ಅಂದ್ರ ಗ್ರಾಹಕರನ್ನ ದಾರಿ ತಪ್ಪಿಸೋ ತಂತ್ರಗಳ ಮ್ಯಾಲೆ ತಂದ ಮಾರ್ಗಸೂಚಿಯ 13 ತಂತ್ರದ ಪಟ್ಟಿಯೊಳಗ ಅದಾವ.

ಎರಡನೇದು "ನಮ್ಮ ನ್ಯೂಸ್‌ಲೆಟರ್‌ಗೆ ಸಬ್‌ಸ್ಕ್ರೈಬ್ ಆಗಿ, ಹೊಸ ಅಪ್‌ಡೇಟ್ ಪಡೆಯಿರಿ." ಇದ್ರಾಗ ಒತ್ತಾಯ ಇಲ್ಲ, ಕರೆಯೂ ಇಲ್ಲ. ದಿನಾ ಬರತೈತೇನ್ರಿ, ಬರೇ ಡಿಸ್ಕೌಂಟ್ ಮೆಸೇಜ್ ಏನ್ರಿ ಅಂತ ಅಂಗಡಿಗೆ ಬಂದವರು ಕೇಳತಿದ್ರು, ಆ ಪ್ರಶ್ನಿಗೆ ಉತ್ತರ ಡಬ್ಬಿಯೊಳಗನ ಇರಬೇಕಿತ್ತು.

ಮೂರನೇದು ಆ ಪ್ರಶ್ನಿ ಹಿಡಕೊಂಡನ ಬರೆದೆ: "ಇಳಕಲ್ ಮಗ್ಗದ ಸುದ್ದಿ, ತಿಂಗಳಿಗೆ ಎರಡೇ ಪತ್ರ, 1 ಮತ್ತು 15ಕ್ಕೆ. ಹೋದ ಸಲದ ಪತ್ರ ಇಲ್ಲೇ ಐತಿ, ಮೊದಲು ಓದಿ ನೋಡ್ರಿ. ಹಿಡಿಸಿದ್ರ ಇಮೇಲ್ ಕೊಡ್ರಿ. ಸಾಕು ಅನ್ನಿಸಿದ ದಿನ ಪತ್ರದ ಕೆಳಗಿನ ಲಿಂಕ್ ಒತ್ರಿ, ನಿಲ್ಲತೈತಿ." ಬಟನ್ ಮ್ಯಾಲೆ "ನನಗೂ ಕಳಸ್ರಿ", ಪಕ್ಕದಾಗ ಅಷ್ಟೇ ದೊಡ್ಡ ಅಕ್ಷರದಾಗ "ಈಗ ಬ್ಯಾಡ". ಬ್ಯಾಡ ಅಂದವರಿಗೆ ಅದೇ ಡಬ್ಬಿ ಮತ್ತ ಮತ್ತ ಎದುರು ಬರೂದಿಲ್ಲ. ಇದಕ್ಕ ಹೆಸರು ಕೊಡೋರು ಮೊದಲನೇದಕ್ಕಿಂತ ಕಡಿಮಿ, ಆದ್ರ ಕೊಟ್ಟವರು ಲಿಂಕ್ ಒತ್ತಿ ಖಾತ್ರಿ ಮಾಡ್ತಾರ, ಪತ್ರಕ್ಕ ತಿರುಗಿ ಬರೀತಾರ, ಅಜ್ಜಿ ಸೀರಿ ಫೋಟೋ ಕಳಿಸಿ ಇದು ಯಾವ ದಡಿ ಅಂತ ಕೇಳ್ತಾರ. ನಾನು ನೋಡೋ ಅಳತಿ ಇದು. ಪತ್ರ ಎಷ್ಟು ಮಂದಿ ತೆರೆದ್ರು ಅನ್ನೋ ಲೆಕ್ಕ ನಂಬಾಕ ಬರೂದಿಲ್ಲ, ಯಾಕಂದ್ರ ಆ್ಯಪಲ್ ಮೇಲ್ 2021ರಿಂದ ಓದುಗರು ತೆರೀದಿದ್ರೂ ತೆರೆದಂಗ ತೋರಸಬಹುದು. ಒಂದು ಕೊರತಿ ಐತಿ, ಸಣ್ಣ ಫೋನ್‌ನ್ಯಾಗ ಒಕ್ಕಣಿ ಉದ್ದ ಆಗತೈತಿ, ಅದಕ್ಕ ಎಷ್ಟು ಸಲ ಬರತೈತಿ ಅನ್ನೋದನ್ನ ಮೊದಲನೇ ಸಾಲಿನ್ಯಾಗನ ಇಟ್ಟೀನಿ.

ಕಾಕಾರು ಒಂದು ಕೇಳಿದ್ರು, "ತಮ್ಮಾ, ಒಂದೊಂದು ಸೀರಿ ಖರೇನ ಎರಡೋ ಮೂರೋ ಇರ್ತಾವ, ಅದನ್ನ ಹೇಳಬಾರದೇನು?" ಹೇಳಬೇಕ್ರಿ. ಕೊಂಡಿ ಸೀರಿಗೆ ಹಾಸು, ಅಂದ್ರ ಮಗ್ಗದಾಗ ಉದ್ದಕ್ಕ ಹಾಸೋ ನೂಲು, ಒಡಲಿಂದೊಂದು ಸೆರಗಿಂದೊಂದು ಪ್ರತಿ ಸೀರಿಗೂ ಬ್ಯಾರೆ ಬ್ಯಾರೆ ಕೂಡಸಬೇಕಾಗತೈತಿ, ಒಂದೇ ಉದ್ದನೆ ಹಾಸಿನ್ಯಾಗ ಹತ್ತಾರು ನೇಯಾಕ ಬರೂದಿಲ್ಲ, ಹಂಗಾಗಿ ಆ ಕೊರತಿ ಖರೆ. ಆದ್ರ ಅದು ಸೀರಿ ಕೊರತಿ, ಪತ್ರದ ಕೊರತಿ ಅಲ್ಲ. ಅದಕ್ಕ ಎಷ್ಟು ಸೀರಿ ಅದಾವ ಅಂತ ಪತ್ರದ ಒಳಗ ಆ ಸೀರಿ ಪಕ್ಕದಾಗ ಅಂಕಿ ಹಾಕಿ ಬರಿತೀನಿ, ಮಾರಿಹೋದ್ರ ಅಂಕಿ ತಿದ್ದಲಾರ್ದ ಬಿಡೂದಿಲ್ಲ. ಕರೆಯೋ ಡಬ್ಬಿಯಾಗ "ಮುಂದಿನ ಪತ್ರ 15ಕ್ಕೆ" ಅಂತ ತಾರೀಖು ಹಾಕಬೇಕಂದ್ರ ಅದರ ಜೋಡಿ "ಆಮ್ಯಾಲೆ ಸೇರಿದವರಿಗೂ ಹಳೇವೆಲ್ಲಾ ಇಲ್ಲೇ ಓದಾಕ ಸಿಗತಾವ" ಅಂತನೂ ಹಾಕಬೇಕು, ಇಲ್ಲಾಂದ್ರ ಖರೇ ತಾರೀಖೂ ಬೆನ್ನ ಹತ್ತಿ ಒತ್ತಾಯ ಮಾಡಿದಂಗ ಆಗತೈತಿ.

ಈಗ ಸೈಟ್‌ನ್ಯಾಗ ಮೂರನೇದ ಐತಿ. ಖಾತ್ರಿ ಲಿಂಕ್ ಕಳಸೋ ಮೇಲ್‌ನ ಒಕ್ಕಣಿನೂ ಅದಕ್ಕ ಹೊಂದೋಹಂಗ ಬದಲಿಸೇನಿ: "ನೀವು ಕೇಳಿದ್ದು ಖರೇ ಆದ್ರ ಇದನ್ನ ಒತ್ರಿ. ಒತ್ತದಿದ್ರ ನಾವು ಏನೂ ಕಳಸೂದಿಲ್ಲ, ಮತ್ತೊಮ್ಮೆ ಕೇಳೂದೂ ಇಲ್ಲ."